ದೊಡ್ಡಮ್ಮನ ತಮ್ಮ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅನ್ನಲಿ. ನನ್ನ ಮಗಳು ಹೆಗ್ಗಣವಲ್ಲ, ಪಟಾಕಿ. ಅವಳಿಗೆ ಆ ಹೆಸರಿಟ್ಟಿದ್ದು ಅವಳ ಮೇಷ್ಟ್ರು. ಬಾಯಿ ತೆರೆದರೆ ಇಡೀ ಕ್ಲಾಸು ಅವಳ ಕಡೆ ತಿರುಗುತ್ತಿತ್ತಂತೆ. ನನ್ನ ಮೈದುನನ ಮಗಳು ಗುಮ್ಮಿ ಇದ್ದಾಳಲ್ಲ, ಅವಳ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಬೆಳಗಿನಿಂದ ಕಾಯಬೇಕು. ಒಂದೇ ಮನೆ, ಒಂದೇ ಕ್ಲಾಸು, ಇಬ್ಬರಿಗೂ ಒಂದೇ ಅಳತೆಯ ಬಟ್ಟೆ. ಹಾಗಿರುವಾಗ ವಿದ್ಯಾರ್ಥಿವೇತನ ಗುಮ್ಮಿಗೆ ಸಿಕ್ಕಿತು ಎಂದರೆ ನನಗೆ ಹೇಗಾಗಬೇಡ?

ಸಿಕ್ಕಿದ್ದೂ ಎಂಥದ್ದು! ಹೈಸ್ಕೂಲಿನ ಕೊನೆಯ ಎರಡು ವರ್ಷ ಹೊರದೇಶದ ಬೋರ್ಡಿಂಗ್ ಶಾಲೆಯಲ್ಲಿ. ಫೀಸು, ವಸತಿ, ಊಟ ಎಲ್ಲ ಅವರದೇ. ನಮ್ಮ ಊರಿಗೆ ಒಂದೇ ಸೀಟು. ಆಯ್ಕೆಯ ದಿನ ಮಕ್ಕಳನ್ನು ಗುಂಪು ಮಾಡಿ ಒಂದು ಸಮಸ್ಯೆ ಕೊಟ್ಟಿದ್ದರಂತೆ. ನನ್ನ ಪಟಾಕಿಯೇ ಮೊದಲಿಂದ ಕೊನೆಯವರೆಗೆ ಮಾತಾಡಿದಳು. ಗುಮ್ಮಿ, ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬ ಹುಡುಗಿಯನ್ನು, ‘ನಿನಗೇನನ್ನಿಸುತ್ತೆ?’ ಎಂದು ಕೇಳಿದಳಂತೆ. ಅಷ್ಟೇ. ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು. ಪಟಾಕಿ ಮೀಸಲು ಪಟ್ಟಿಯಲ್ಲಿ ಮೊದಲನೆಯವಳಾಗಿ ಉಳಿದಳು. ಗುಮ್ಮಿಯ ಪ್ರವೇಶ ಯಾವುದಾದರೂ ಕಾರಣಕ್ಕೆ ತಪ್ಪಿದರೆ ಸೀಟು ಪಟಾಕಿಗೆ.

ನಾನು ದೇವರಲ್ಲಿ ಏನು ಬೇಡಿಕೊಂಡೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಬೇಡಿಕೊಂಡದ್ದಕ್ಕೆ ತಕ್ಕಂತೆ ಒಂದು ತೊಡಕೂ ಬಂತು. ಹದಿನೆಂಟು ತುಂಬದ ಮಕ್ಕಳಿಗೆ ಆ ದೇಶದಲ್ಲೇ ಒಬ್ಬ ಗಾರ್ಡಿಯನ್ ಇರಲೇಬೇಕು ಎಂದಿತು ಶಾಲೆ. ಇಪ್ಪತ್ತೈದು ದಾಟಿದವರಾಗಿರಬೇಕು, ಅಲ್ಲಿಯ ಭಾಷೆ ಬರಬೇಕು, ಶಾಲೆಗೆ ಬೇಗ ಬರುವಷ್ಟು ಹತ್ತಿರ ಇರಬೇಕು. ನಡುವೆ ರಜೆ ಬಂದು ಹಾಸ್ಟೆಲ್ ಮುಚ್ಚಿದಾಗ, ಮಗು ಕಾಯಿಲೆ ಬಿದ್ದಾಗ, ಮನೆಗೆ ಕರೆದುಕೊಂಡು ಹೋಗಬೇಕು. ಅಂಥವರು ಆ ದೇಶದಲ್ಲಿ ನಮ್ಮ ಪೈಕಿ ಒಬ್ಬನೇ, ನನ್ನ ತಮ್ಮ.

ನನ್ನ ತಮ್ಮ! ನಾನು ಎತ್ತಿ ಆಡಿಸಿದವನು. ನನ್ನ ವಾರಗಿತ್ತಿ, ಗುಮ್ಮಿಯ ಅಮ್ಮ, ಅವನಿಗೆ ಫೋನ್ ಮಾಡಿದಳಂತೆ, ಅವನು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಬಿಟ್ಟನಂತೆ. ಸಂಜೆ ಅವಳು ಸಂಭ್ರಮದಿಂದ ಬಂದು ಹೇಳಿದಾಗ ನಾನು ಹೊಲಿಗೆ ಯಂತ್ರದ ಮುಂದೆ ಕೂತಿದ್ದೆ.

“ಅಕ್ಕಾ, ನಿಮ್ಮ ತಮ್ಮ ಹೂಂ ಅಂದ್ಬಿಟ್ರು!”

“ಅವನೇನು, ಯಾರು ಕೇಳಿದ್ರೂ ಹೂಂ ಅಂತಾನೆ,” ಎಂದೆ. ಅವಳು ನಕ್ಕಳು. ನಾನು ಯಾರದೋ ಕೋಟಿನ ತೋಳನ್ನು ತಿರುವುಮುರುವು ಹೊಲಿದು ಆಮೇಲೆ ಪೂರ್ತಿ ಬಿಚ್ಚಿದೆ.

ವಾರ ಕಳೆದ ಮೇಲೆ ವಿದ್ಯಾರ್ಥಿವೇತನದ ಕಚೇರಿಯಿಂದ ನನಗೇ ಕರೆ ಬಂತು. ನಾನು ಹೋದಾಗ ವಾರಗಿತ್ತಿ, ಗುಮ್ಮಿ ಆಗಲೇ ಅಲ್ಲಿ ಕೂತಿದ್ದರು, ಇಬ್ಬರ ಮುಖವೂ ಸುಣ್ಣದಂತೆ ಬೆಳ್ಳಗಾಗಿತ್ತು. ಮೇಜಿನ ಮೇಲಿನ ಪರದೆಯಲ್ಲಿ ಒಂದು ಕಡೆ ಆ ಶಾಲೆಯ ಪ್ರವೇಶಾಧಿಕಾರಿ, ಇನ್ನೊಂದು ಕಡೆ ನನ್ನ ತಮ್ಮ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ.

ಕಚೇರಿಯ ಮೇಡಂ ವಿಷಯ ಬಿಡಿಸಿ ಹೇಳಿದರು. ಹುಡುಗಿ ನಿಮಗೇನಾಗಬೇಕು ಎಂದು ಶಾಲೆ ಕೇಳಿದ್ದಕ್ಕೆ ನನ್ನ ತಮ್ಮ ‘ಅಕ್ಕನ ಮಗಳು’ ಎಂದು ಬರೆದಿದ್ದ, ಅಕ್ಕನ ಹೆಸರು ಎಂದು ನನ್ನದನ್ನು ಕೊಟ್ಟಿದ್ದ. ಗುಮ್ಮಿಯ ಜನನ ಪತ್ರದಲ್ಲಿ ತಾಯಿಯ ಹೆಸರು ಬೇರೆ.

“ಗಾರ್ಡಿಯನ್ ಬಂಧು ಆಗ್ಲೇಬೇಕು ಅಂತೇನಿಲ್ಲ,” ಎಂದರು ಮೇಡಂ. “ಬಂಧು ಅಲ್ದಿದ್ರೆ ಇನ್ನಷ್ಟು ವಿಚಾರಣೆ ಇರುತ್ತೆ, ಅಷ್ಟೇ. ಆದ್ರೆ ಸುಳ್ಳು ಹೇಳಿದ್ರೆ ಅಂಥವರ ಕೈಗೆ ಮಗು ಕೊಡಲ್ಲ ಅಂತಾರೆ. ಬೇರೆ ಗಾರ್ಡಿಯನ್ ಹುಡುಕೋಕೆ ಸಮಯ ಇಲ್ಲ. ಹಾಗಾದ್ರೆ ಸೀಟು ಮೀಸಲು ಪಟ್ಟಿಗೆ ಹೋಗುತ್ತೆ.”

ಮೀಸಲು ಪಟ್ಟಿಯಲ್ಲಿ ಯಾರಿದ್ದಾರೆ ಎಂದು ಆ ಕೋಣೆಯಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ. ಪಟಾಕಿಗೂ ಗಾರ್ಡಿಯನ್ ಬೇಕು, ನಿಜ. ಆದರೆ ಅವಳಿಗಾಗಿ ನಾನು ಇನ್ನೊಬ್ಬರನ್ನು ಎಲ್ಲಿಂದಾದರೂ ಹುಡುಕಿ ತರುತ್ತಿದ್ದೆ.

“ನೀವೇ ಹೇಳಿ. ಈ ಹುಡುಗಿ ನಿಮ್ಮ ಮಗಳಾ?”

ಎಷ್ಟು ಸುಲಭ ನೋಡಿ. ಸುಳ್ಳಾಡಿ ಪಾಪ ಕಟ್ಟಿಕೊಳ್ಳುವ ಅಗತ್ಯವೇ ಇರಲಿಲ್ಲ. ನಿಜ ಹೇಳಿ ಸುಮ್ಮನಿದ್ದರೆ ಸಾಕಿತ್ತು.

“ಅಲ್ಲ,” ಎಂದೆ. ಸುಮ್ಮನಾದೆ.

ವಾರಗಿತ್ತಿ ನನ್ನತ್ತ ನೋಡಿದಳು. ಇನ್ನೇನೋ ಹೇಳುತ್ತೇನೆ ಎಂದು ಕಾದಳು. ನಾನು ಗೋಡೆಯ ಗಡಿಯಾರ ನೋಡಿದೆ. ಒಳಗೆ ಖುಷಿಯಾಗಿತ್ತು, ಮುಚ್ಚಿಡುವುದೇಕೆ? ಪಟಾಕಿ ಸೂಟ್‌ಕೇಸ್ ಎಳೆದುಕೊಂಡು ಹೋಗುವುದು ಕಣ್ಣಿಗೆ ಕಟ್ಟಿತ್ತು.

ಪರದೆಯ ಅಧಿಕಾರಿ ಏನೋ ಹೇಳಿದರು. ಮೇಡಂ ಅದನ್ನು ನಮಗೆ ಹೇಳಿದರು: “ಹಾಗಾದ್ರೆ ಇವರು ಸುಳ್ಳು ಹೇಳಿದ್ದಾರೆ. ಹುಡುಗಿಗೂ ಇವರಿಗೂ ಸಂಬಂಧ ಇಲ್ಲ. ಇಂಥವರನ್ನ ನಂಬೋದು ಹೇಗೆ ಅಂತಿದ್ದಾರೆ.”

ನನ್ನ ತಮ್ಮ ತಲೆ ತಗ್ಗಿಸಿದ.

ನನ್ನ ಮೈಯೆಲ್ಲ ಉರಿದುಹೋಯಿತು. ಗುಮ್ಮಿಯ ಮೇಲಿನ ಮರುಕದಿಂದಲ್ಲ, ತಪ್ಪು ತಿಳಿಯಬೇಡಿ. ನನ್ನ ತಮ್ಮನನ್ನು ಸುಳ್ಳುಗಾರ ಎನ್ನುವುದಕ್ಕೆ ಇವರು ಯಾರು?

“ಯಾರು ಸುಳ್ಳು ಹೇಳಿದ್ದು?” ಎಂದು ಎದ್ದು ನಿಂತೆ. “ಮೇಡಂ, ಅವರಿಗೆ ಸರಿಯಾಗಿ ಹೇಳಿ. ಇವಳು ನನ್ನ ಮೈದುನನ ಮಗಳು. ನಮ್ಮಲ್ಲಿ ಮೈದುನನ ಮಗಳು ಅಂದ್ರೆ ಮಗಳೇ! ನನ್ನ ತಮ್ಮ ಇವಳಿಗೂ ಮಾವ, ನನ್ನ ಮಗಳಿಗೂ ಮಾವ. ಒಬ್ಬಳಿಗೆ ಗೊಂಬೆ ತಂದ್ರೆ ಇನ್ನೊಬ್ಬಳಿಗೂ ತರೋನು. ಇವಳನ್ನ ಹೆತ್ತು ಇವಳಮ್ಮ ಹಾಸಿಗೆ ಹಿಡಿದಾಗ ಎರಡು ಕೂಸಿಗೂ ಹಾಲು ಕುಡಿಸಿದ್ದು ಯಾರು? ನಾನು! ಸಂಬಂಧ ಇಲ್ವಂತೆ!”

ಮೇಡಂ ಅಷ್ಟನ್ನೂ ಹೇಗೆ ತಿಳಿಸಿದರೋ ಕಾಣೆ, ಅಧಿಕಾರಿಯ ಮುಖ ಸಡಿಲಾಯಿತು. ‘ಅಕ್ಕನ ಮೈದುನನ ಮಗಳು’ ಎಂದು ತಿದ್ದಿ ಬರೆಯಲಿ, ಬಂಧುವಲ್ಲದ ಗಾರ್ಡಿಯನ್‌ಗೆ ಇರುವ ವಿಚಾರಣೆ ನಡೆಯಲಿ ಎಂದರು. ತಮ್ಮನ ಮನೆಗೆ ಬಂದು ನೋಡುತ್ತಾರೆ, ಅವಳಿಗೆಂದೇ ಒಂದು ಕೋಣೆ ಇರಬೇಕು. ಅವನ, ಅವನ ಹೆಂಡತಿಯ ಮೇಲೆ ಕೇಸುಗೀಸು ಇದೆಯೇ ಎಂದು ಪೊಲೀಸರಿಂದ ತಿಳಿದುಕೊಳ್ಳುತ್ತಾರೆ. ಹುಡುಗಿಯ ತಂದೆತಾಯಿ ಇಬ್ಬರೂ ಒಪ್ಪಿಗೆಯ ಸಹಿ ಹಾಕಬೇಕು. ಎಲ್ಲ ಸರಿಯಿದ್ದರೆ ಸೀಟು ಗುಮ್ಮಿಯದೇ.

ಆಗ ನನಗೆ ನಾನು ಮಾಡಿದ್ದು ಏನು ಎಂದು ಗೊತ್ತಾಯಿತು. ವಾರಗಿತ್ತಿ ನನ್ನ ಕೈ ಹಿಡಿದು ಅತ್ತಳು. ಕೈ ಕಿತ್ತುಕೊಳ್ಳಬೇಕು ಎನಿಸಿತು, ಕಿತ್ತುಕೊಳ್ಳಲಿಲ್ಲ.

ಮನೆಗೆ ಬಂದಾಗ ಪಟಾಕಿ ಬಾಗಿಲಲ್ಲೇ ಕಾಯುತ್ತಿದ್ದಳು. “ಏನಾಯ್ತಮ್ಮಾ?” ಎಂದಳು. ಎಲ್ಲ ಹೇಳಿದೆ. ಅವಳು ಒಂದು ಮಾತೂ ಆಡದೆ ಒಳಗೆ ಹೋದಳು. ಅವಳು ಹುಟ್ಟಿದಾಗಿನಿಂದ ಈ ಮನೆಯಲ್ಲಿ ಅಂಥ ಮೌನ ನಾನು ಕೇಳಿರಲಿಲ್ಲ.

ವಿಚಾರಣೆ ಮುಗಿಯಿತು, ವೀಸಾ ಬಂತು. ಬೋರ್ಡಿಂಗ್ ಶಾಲೆಯಲ್ಲಿ ಎಲ್ಲರ ಬಟ್ಟೆ ಒಟ್ಟಿಗೆ ಒಗೆಯುತ್ತಾರಂತೆ, ಹಾಗಾಗಿ ಕಾಲುಚೀಲದಿಂದ ಹಿಡಿದು ಪ್ರತಿಯೊಂದಕ್ಕೂ ಹೆಸರು ಬರೆದ ಬಟ್ಟೆಯ ಪಟ್ಟಿ ಹೊಲಿದಿರಬೇಕು. ಹೊಲಿಯುವವಳು ಮನೆಯಲ್ಲೇ ಇರುವಾಗ ಬೇರೆ ಯಾರಿಗೆ ಕೊಡುತ್ತಾರೆ? ಹೊಟ್ಟೆಕಿಚ್ಚು ಆರಿತು ಎಂದು ಯಾರೂ ಭಾವಿಸಬೇಡಿ. ಒಂದೊಂದು ಹೊಲಿಗೆಗೂ ಗುಮ್ಮಿಗೆ ಒಂದೊಂದು ಬೈಗುಳ ಹಾಕುತ್ತಲೇ ಕೂತಿದ್ದೆ.

ಚಳಿಯ ಕೋಟು ಹೊಲಿದು ಮುಗಿಸಿದ ದಿನ ಗುಮ್ಮಿ ಮನೆಯಲ್ಲಿರಲಿಲ್ಲ. ತೋಳಿನ ಉದ್ದ ನೋಡಬೇಕಿತ್ತು. ಪಟಾಕಿ ತಾನಾಗಿಯೇ ಬಂದು ಕೋಟು ತೊಟ್ಟು ನನ್ನ ಮುಂದೆ ನಿಂತಳು. ಅವಳಿಗೆಂದೇ ಕತ್ತರಿಸಿದ ಹಾಗೆ ಕೂತಿತ್ತು. ಕನ್ನಡಿಯಲ್ಲಿ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು.

“ಚೆನ್ನಾಗಿದೆಯಾ ಅಮ್ಮಾ?”

“ಚೆನ್ನಾಗಿದೆ,” ಎಂದೆ. “ತೆಗಿ. ಕುತ್ತಿಗೆಗೆ ಇನ್ನೂ ಹೆಸರು ಹೊಲಿಬೇಕು.”