ಮೂರು ಸೀಟಿ

ಏಳನೇ ತರಗತಿಯ ಆಟದ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರಿಗೆ ಕೊಡುವುದೆಂದು ಆಡಳಿತ ಮಂಡಳಿ ಆಗಲೇ ತೀರ್ಮಾನಿಸಿತ್ತು. ಮುಖ್ಯೋಪಾಧ್ಯಾಯಿನಿ ಒಂದು ಅವಕಾಶವನ್ನಷ್ಟೇ ಉಳಿಸಿದ್ದರು.

"ನಲವತ್ತು ನಿಮಿಷದಲ್ಲಿ ಮಕ್ಕಳು ಆಡೋದು ಹದಿಮೂರು ನಿಮಿಷ. ನಾನೇ ಕಿಟಕೀಲಿ ನಿಂತು ನೋಡಿದೀನಿ," ಎಂದರು ಅವರು. "ಮಿಕ್ಕಿದ್ದೆಲ್ಲ ಚೆಂಡಿಗೆ ಜಗಳ, ಸಾಲಿಗೆ ಜಗಳ, ನಿಮ್ಮ ಕೂಗಾಟ. ಎರಡು ವಾರ ತಗೊಳ್ಳಿ. ಇಪ್ಪತ್ತೈದು ನಿಮಿಷ ಆಡಿಸಿ ತೋರ್ಸಿ, ಪೀರಿಯಡ್ ನಿಮ್ದೇ. ವಾಚ್ ಹಿಡ್ಕೊಂಡು ನಾನೇ ಬಂದು ಕೂರ್ತೀನಿ."

ಆಟದ ಟೀಚರ್ ತಲೆಯಾಡಿಸಿದಳು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಐವತ್ತಾರು ಮಕ್ಕಳು ಸಾಮಾನಿನ ಕೋಣೆಯ ಒಂದೇ ಬಾಗಿಲಿಗೆ ಮುಗಿಬೀಳುತ್ತಿದ್ದರು. ಹಂಚಲು ಒಂಬತ್ತು ನಿಮಿಷ, ವಾಪಸು ಪಡೆಯಲು ಎಂಟು.

ಅಂದು ಸಂಜೆ ಅಮ್ಮನ ಹೊಲಿಗೆ ಡಬ್ಬಿಯಿಂದ ಐವತ್ತಾರು ಗುಂಡಿ ತೆಗೆದು ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಮೂಲೆಗೆ ಹದಿನಾಲ್ಕರಂತೆ ಇಟ್ಟಳು. ಒಂದು ಮೂಲೆಯ ಗುಂಡಿಗಳನ್ನು ಬಲಗಡೆಗೆ ಸರಿಸಿದಳು, ಮತ್ತೊಂದನ್ನೂ ಸರಿಸಿದಳು.

"ನನ್ ಗುಂಡಿಗೂ ಡ್ರಿಲ್ ಶುರುವಾಯ್ತಾ? ನೋಡೇ, ಆ ಹಳದಿ ಗುಂಡಿ ಮೈಗಳ್ಳ. ಮೂಲೇಲಿ ಕೂತ್ಬಿಟ್ಟಿದೆ," ಎಂದಳು ಅಮ್ಮ.

"ಅಂಥೋರೇ ಐದಾರು ಜನ ಇದಾರೆ ಬಿಡಮ್ಮ."

ಮರುದಿನದಿಂದ ಕೂಗುವುದನ್ನು ಬಿಟ್ಟಳು. ಗಂಟೆ ಹೊಡೆಯುವ ಮೊದಲೇ ಮೈದಾನದ ನಾಲ್ಕು ಮೂಲೆಗಳಲ್ಲಿ ಸೊಂಟಕ್ಕೆ ಹಾಕಿ ತಿರುಗಿಸುವಂಥ ನಾಲ್ಕು ದೊಡ್ಡ ಪ್ಲಾಸ್ಟಿಕ್ ಬಳೆ ಇಟ್ಟು, ಒಂದರಲ್ಲಿ ಎಸೆದು ಹಿಡಿಯುವ ಚೆಂಡು, ಒಂದರಲ್ಲಿ ಹಗ್ಗ, ಒಂದರಲ್ಲಿ ಕೋನುಗಳ ನಡುವೆ ಉರುಳಿಸುವ ದೊಡ್ಡ ಚೆಂಡು, ಇನ್ನೊಂದರಲ್ಲಿ ಗುರಿಗೆ ಎಸೆಯುವ ಮರಳಿನ ಚೀಲ ಜೋಡಿಸಿದಳು. ಒಂದೊಂದರಲ್ಲೂ ಏಳೇ ಏಳು, ಇಬ್ಬರಿಗೊಂದು. ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ಗುಂಪು, ಪ್ರತಿ ಗುಂಪಿಗೆ ಒಬ್ಬ ಮುಂದಾಳು. ಹಂಚುವ ಕೈ ಅದೊಂದೇ. ಮೂಲೆ ಬದಲಾದಾಗ ಮಕ್ಕಳು ಸರಿಯಬೇಕು, ಸಾಮಾನು ಅಲ್ಲೇ ಇರಬೇಕು.

ಉದ್ದದ ಸೀಟಿ ಎಂದರೆ ಆಟ ಶುರು. ಒಂದು ಚಿಕ್ಕ ಸೀಟಿಗೆ ಇದ್ದಲ್ಲೇ ನಿಂತು, ಕೈಯಲ್ಲಿದ್ದುದನ್ನು ಕಾಲಬಳಿ ಇಟ್ಟು, ಕಣ್ಣು ಟೀಚರ್ ಕಡೆಗೆ. ಎರಡು ಸೀಟಿಗೆ ಬಲಗಡೆಯ ಮೂಲೆಗೆ. ಮೂರಕ್ಕೆ ಸಾಮಾನು ಬಳೆಯೊಳಗೆ, ಮಕ್ಕಳು ಬಳೆಯ ಹಿಂದೆ ಸಾಲಾಗಿ.

ಮೊದಲ ದಿನ ಎಲ್ಲ ಕಲಸುಮೇಲೋಗರ. ಸದ್ದಡಗುವವರೆಗೂ ಅವಳು ತುಟಿ ಬಿಚ್ಚದೆ ನಿಂತಳು. ಒಮ್ಮೆ ಊದಿದ ಸೀಟಿಯನ್ನು ಮತ್ತೆ ಊದಲಿಲ್ಲ. ನಾಲ್ಕನೇ ದಿನಕ್ಕೆ ಒಂದು ಸೀಟಿಗೆ ಮೈದಾನವೇ ಉಸಿರು ಹಿಡಿಯತೊಡಗಿತು. ಕೆಂಪು ಗುಂಪಿನ ಮುಂದಾಳು, ಎಲ್ಲರೂ ಗುಬ್ಬಚ್ಚಿ ಎನ್ನುವ ಪುಟ್ಟ ದೇಹದ ಹುಡುಗಿ, ಏಳು ಹಗ್ಗವನ್ನು ಇಪ್ಪತ್ತು ಸೆಕೆಂಡಿನಲ್ಲಿ ಹಂಚಿ, "ಟೀಚರ್, ನಾವು ಫಸ್ಟು!" ಎಂದು ಕುಣಿಯುತ್ತಿದ್ದಳು.

ಅದೇ ವಾರ ಗೇಟಿನ ಕಾವಲುಗಾರ ಬಂದ. "ಅಕ್ಕಾ, ನನ್ ಸೀಟಿಯೊಳಗಿನ ಗುಂಡು ಎಲ್ಲೋ ಬಿದ್ದೋಗಿದೆ. ಊದಿದ್ರೆ ದಮ್ಮು ಬಂದೋನ ಥರ ಬರೀ ಗಾಳಿ. ಬಸ್ ಡ್ರೈವರ್‌ಗಳು ನಗ್ತಾರೆ."

ಅವಳ ಬಳಿ ಒಂದೇ ಪೆಟ್ಟಿಗೆಯಲ್ಲಿ ಬಂದ, ಒಂದೇ ದನಿಯ ಜೋಡಿ ಸೀಟಿಯಿತ್ತು. ಒಂದನ್ನು ಕೊಟ್ಟುಬಿಟ್ಟಳು.

"ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಕ್ಕಾ," ಎಂದ ಅವನು. ಬೆಳಿಗ್ಗೆ, ಸಂಜೆ ಬಸ್ಸು ಬಂದಾಗ ಮಾತ್ರ ಅವನು ಊದುವುದು. ಆಟದ ಪೀರಿಯಡ್ಡಿನ ಹೊತ್ತಿಗೆ ಗೇಟು ನಿದ್ದೆ ಹೊಡೆಯುತ್ತಿತ್ತು. ಅದರ ಬಗ್ಗೆ ಅವಳು ಯೋಚಿಸಲೇ ಇಲ್ಲ.

ಪರೀಕ್ಷೆಯ ದಿನ ಮುಖ್ಯೋಪಾಧ್ಯಾಯಿನಿ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ಲೆಕ್ಕದ ಮೇಷ್ಟ್ರು.

"ಏನ್ ಮೇಡಂ, ಪೀಪಿಗೆ ಎಣ್ಣೆ ಹಾಕಿದೀರಾ?" ಎಂದರು ಮೇಷ್ಟ್ರು.

"ನಿಮ್ಮ ಚಾಕ್‌ಪೀಸಿಗೆ ಹಾಕಿದ ಎಣ್ಣೇನೇ ಸಾರ್," ಎಂದಳು.

ಮಕ್ಕಳು ಮೂರು ನಿಮಿಷದಲ್ಲಿ ಇಳಿದು ಬಂದು ಬಳೆಗಳ ಹಿಂದೆ ಕೂತರು. ಅರ್ಧ ನಿಮಿಷದಲ್ಲಿ ಸಾಮಾನು ಕೈಸೇರಿತು. ಉದ್ದದ ಸೀಟಿ, ಆಟ ಹತ್ತಿಕೊಂಡಿತು. ಎಂಟು ನಿಮಿಷದ ಮೇಲೆ ಒಂದು ಸೀಟಿ, ಎರಡು ಸೀಟಿ. ನಾಲ್ಕು ಗುಂಪುಗಳು ಬಾಗಿಲಿನ ಕದದಂತೆ ಸದ್ದಿಲ್ಲದೆ ತಿರುಗಿದವು. ಮುಖ್ಯೋಪಾಧ್ಯಾಯಿನಿ ವಾಚಿನಿಂದ ತಲೆಯೆತ್ತಿ ಮುಗುಳ್ನಕ್ಕಿದ್ದನ್ನು ಅವಳು ಕಂಡಳು. ಇನ್ನು ಹದಿನೇಳು ನಿಮಿಷ ಆಡಿಸಿದರೆ ಸಾಕಿತ್ತು.

ಅಷ್ಟರಲ್ಲಿ ಮೈದಾನದ ಅಂಚಿನ ಹಿಂದಿನ ಗೇಟು ತೆರೆಯಿತು. ಪುಸ್ತಕದ ಲಾರಿಯೊಂದು ಹಿಮ್ಮುಖವಾಗಿ ಒಳಬರತೊಡಗಿತು. ಕಾವಲುಗಾರ ಅದರ ಹಿಂದೆ ನಿಂತು, ಕೈ ಬೀಸುತ್ತ, ಊದಿದ.

ಪೀ, ಪೀ, ಪೀ.

ಐವತ್ತಾರು ಮಕ್ಕಳೂ ಆಟ ನಿಲ್ಲಿಸಿದರು. ಚೆಂಡು, ಹಗ್ಗ, ಚೀಲ ಎಲ್ಲವೂ ಬಳೆಗಳಿಗೆ ಸೇರಿದವು. ಎಲ್ಲರೂ ಸಾಲಾಗಿ ಕೂತರು. ಅಷ್ಟು ಚೊಕ್ಕವಾಗಿ ಅವರು ಎಂದೂ ಮಾಡಿರಲಿಲ್ಲ.

"ಟೀಚರ್, ನಾವು ಫಸ್ಟು!" ಎಂದಳು ಗುಬ್ಬಚ್ಚಿ.

ಅವಳು ಉದ್ದದ ಸೀಟಿ ಊದಿದಳು. ಮತ್ತೆ ಹಂಚಿಕೆ, ಮತ್ತೆ ಆಟ. ಲಾರಿ ತಿರುವಿಗೆ ಒಗ್ಗದೆ ಮುಂದೆ ಹೋಗಿ ಮತ್ತೆ ಹಿಂದೆ ಬಂತು. ಪೀ, ಪೀ, ಪೀ. ಮತ್ತೆ ಸಾಮಾನು ಬಳೆಯೊಳಗೆ.

"ಅದಲ್ಲ, ಅದಲ್ಲ! ನನ್ ಕೈ ನೋಡಿ, ಸೀಟಿ ಕೇಳ್ಬೇಡಿ!" ಎಂದು ಅವಳು ಕೂಗಿದಳು. ಎರಡು ವಾರದಲ್ಲಿ ಮೊದಲ ಸಲ. ಅವಳತ್ತ ಮುಖ ಮಾಡಿ ಕೂತವರು ಎದ್ದರು, ಬೆನ್ನು ಮಾಡಿದ್ದವರು ಕೂತೇ ಇದ್ದರು. ಗೇಟಿನ ಕಡೆ ಓಡಿ ಕೈ ಬೀಸಿದಳು. ಕಾವಲುಗಾರ ಲಾರಿಯ ಚಕ್ರದಿಂದ ಕಣ್ಣು ಕೀಳಲಿಲ್ಲ. ಅವನ ಎದುರಿಗೆ ಹೋಗಿ ನಿಲ್ಲಿಸುವ ಹೊತ್ತಿಗೆ ಲಾರಿ ಒಳಗೆ ಬಂದಾಗಿತ್ತು.

ತಿರುಗಿ ಬಂದು ಒಂದು ಸೀಟಿ ಊದಿದಳು. ಅರ್ಧ ಮಕ್ಕಳು ನಿಂತರು. ಇನ್ನರ್ಧ ಅದು ಯಾರ ಸೀಟಿಯೆಂದು ಗೇಟಿನತ್ತ ನೋಡಿದರು. ಎರಡು ಊದಿದರೆ ನೀಲಿ ಗುಂಪು ಸರಿಯಿತು, ಕೆಂಪು ಗುಂಪು ಸರಿಯಲಿಲ್ಲ. ಒಂದೇ ಮೂಲೆಯಲ್ಲಿ ಇಪ್ಪತ್ತೆಂಟು ಜನ, ಏಳು ಹಗ್ಗ. ಜಗಳ ಶುರುವಾಯಿತು.

ಅದನ್ನು ಬಿಡಿಸುವುದರಲ್ಲೇ ಮಿಕ್ಕ ನಿಮಿಷಗಳು ಹೋದವು. ಗಂಟೆ ಹೊಡೆಯಿತು.

"ಹತ್ತೊಂಬತ್ತು," ಎಂದರು ಮುಖ್ಯೋಪಾಧ್ಯಾಯಿನಿ.

"ಮೇಡಂ, ಆ ಲಾರಿ ಬಂದಿದ್ದಕ್ಕೆ... ಇನ್ನೊಂದೇ ಒಂದು ದಿನ ಕೊಡಿ."

"ಕಣ್ಣಾರೆ ಕಂಡೆ, ಗೊತ್ತು ನಂಗೆ. ಆದ್ರೆ ಸೋಮವಾರ ಹೊಸ ವೇಳಾಪಟ್ಟಿ ಹಾಕ್ಬೇಕು. ಮಂಡಳಿಯವರು ಲಾರಿ ಕತೆ ಕೇಳ್ತಾರಾ?"

ಲೆಕ್ಕದ ಮೇಷ್ಟ್ರು ಈ ಸಲ ತಮಾಷೆ ಮಾಡಲಿಲ್ಲ. ಲಾರಿಯಿಂದ ಅಭ್ಯಾಸಪುಸ್ತಕದ ಕಟ್ಟುಗಳು ಇಳಿಯುತ್ತಿದ್ದವು. ಅವರು ಎಣಿಸಿಕೊಳ್ಳಲು ಹೋದರು.

ಮುಖ್ಯೋಪಾಧ್ಯಾಯಿನಿ ಎದ್ದವರು ನಿಂತರು. "ಒಂದ್ ಮಾತು. ಆ ಮೂರು ಸೀಟಿಗೆ ಎಲ್ಲಾ ವಾಪಸ್ ಇಟ್ಟು ಕೂತ್ರಲ್ಲ, ಎಷ್ಟು ಸೆಕೆಂಡು?"

"ಮೂವತ್ತು."

"ನಮ್ಮಲ್ಲಿ ಪ್ರಶ್ನೆಪತ್ರಿಕೆ ಹಂಚೋದಕ್ಕೇ ಹತ್ತು ನಿಮಿಷ ಹೋಗುತ್ತೆ. ಇನ್ಮೇಲೆ ಆ ಪೀರಿಯಡ್‌ನಲ್ಲಿ ಮೇಷ್ಟ್ರ ಜೊತೆಗೆ ನೀವೇ ಇರಿ."

ಸಂಜೆ ಕಾವಲುಗಾರ ಸೀಟಿಯನ್ನು ಅಂಗಿಯ ತುದಿಗೆ ಒರೆಸಿ ಮುಂದೆ ಹಿಡಿದ. "ತಗೊಳ್ಳಿ ಅಕ್ಕಾ. ನಂಗೆ ಗೊತ್ತಾಗ್ಲಿಲ್ಲ."

"ನಂಗೂ ಗೊತ್ತಾಗ್ಲಿಲ್ಲ," ಎಂದಳು. "ಇಟ್ಕೊಳಪ್ಪ. ಬಸ್ಸು ಬರುತ್ತಲ್ಲ."

ಮುಂದಿನ ವಾರ ಅದೇ ಪೀರಿಯಡ್ಡಿನಲ್ಲಿ ಉದ್ದನೆಯ ಸಭಾಂಗಣ. ನಾಲ್ಕು ಮೂಲೆಯಲ್ಲಿ ನಾಲ್ಕು ಮೇಜು, ಒಂದೊಂದರ ಮೇಲೆ ಹದಿನಾಲ್ಕು ಪ್ರಶ್ನೆಪತ್ರಿಕೆ. ಅವಳು ಉದ್ದದ ಸೀಟಿಯನ್ನು ಮೆಲ್ಲಗೆ ಊದಿದಳು. ಮುಂದಾಳುಗಳು ಎದ್ದು ಹಂಚಿದರು. ಇಪ್ಪತ್ತೆರಡು ಸೆಕೆಂಡು.

"ಭೇಷ್!" ಎಂದರು ಲೆಕ್ಕದ ಮೇಷ್ಟ್ರು. ಮನಸಾರೆ ಹೇಳಿದ್ದರು.

ಗುಬ್ಬಚ್ಚಿ ಈ ಸಲ ಕೂಗಲಿಲ್ಲ. ತನ್ನ ಜಾಗಕ್ಕೆ ಹೋಗುವಾಗ ಟೀಚರ್ ಬಳಿ ನಿಂತು ಪಿಸುಗುಟ್ಟಿದಳು: "ಟೀಚರ್, ಇದಾದ್ಮೇಲೆ ಎರಡು ಊದ್ತೀರಾ? ಹೊರಗಡೆ ಹೋಗೋಕೆ?"

"ಕೂತ್ಕೋ ಮಗಾ," ಎಂದಳು ಅವಳು. "ಬರಿ."

ಮಕ್ಕಳು ಬಗ್ಗಿ ಬರೆಯತೊಡಗಿದರು. ಅವಳು ಕಿಟಕಿಯ ಬಳಿ ನಿಂತು, ಮೂರು ಸಲ ಊದುವ ಹೊತ್ತು ಬರುವುದನ್ನು ಗೋಡೆಯ ಗಡಿಯಾರದಲ್ಲಿ ಕಾಯುತ್ತಿದ್ದಳು.