ಎರಡಿದ್ದದ್ದು ಐದು

ಬದರೀನಾಥ ಅಂಕಲ್ ಇನ್ನೊಂದು ‘ಸಹಿಷ್ಣುತೆ’ಯನ್ನು ಹಸಿರು ಪೆನ್ನಿನಿಂದ ಹೊಡೆದು, ಮೇಲೆ ‘ತಾಳಿಕೆ’ ಎಂದು ಬರೆದರು. ಕೆಳಗಿನ ಸಾಲಿನಲ್ಲಿದ್ದದ್ದು ‘ಸಹನಶಕ್ತಿ’ ಆಯಿತು.

“ಒಂದೇ ಪುಟದಲ್ಲಿ ಅದೇ ಪದ ಎಷ್ಟು ಸಲ, ಗಾರ್ಗಿ? ಕನ್ನಡ ಅಷ್ಟು ಬಡವಾ?”

ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಗಾರ್ಗಿಯ ದೋಸೆ ತಣ್ಣಗಾಗುತ್ತಿತ್ತು. ನ್ಯೂವಾರ್ಕಿನ ಲ್ಯಾಬೊಂದರಲ್ಲಿ ಅವಳು ಬ್ಯಾಕ್ಟೀರಿಯಾ ಬೆಳೆಸುತ್ತಾಳೆ. ಕನ್ನಡ ಕೂಟದ ವಿಜ್ಞಾನ ಮಾಲೆಗಾಗಿ ಇಂಗ್ಲಿಷ್ ಸಂಶೋಧನಾ ಲೇಖನವೊಂದನ್ನು ಬಿ.ಎಸ್ಸಿ. ವಿದ್ಯಾರ್ಥಿಗಳಿಗೆಂದು ನಾಲ್ಕು ಪುಟಕ್ಕೆ ಇಳಿಸಿದ್ದಳು. ಮಾಲೆಯ ಸಂಪಾದಕರು ಅಂಕಲ್. ವೃತ್ತಿಯಿಂದ ಸೇತುವೆ ಎಂಜಿನಿಯರ್.

“ಔಷಧ ಇದ್ದರೂ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇದ್ದರೆ ಪ್ರತಿರೋಧ. ಬೆಳೆಯದೆ, ಸಾಯುವುದನ್ನು ಮಾತ್ರ ನಿಧಾನಿಸಿದರೆ ಸಹಿಷ್ಣುತೆ. ಮೊದಲು ಸಹಿಷ್ಣುತೆ ಬರುತ್ತೆ, ಅದಿದ್ದಲ್ಲಿ ಪ್ರತಿರೋಧ ಬೇಗ ಬೆಳೆಯುತ್ತೆ. ಲೇಖನ ಇರೋದೇ ಇಷ್ಟು ಹೇಳೋಕೆ, ಅಂಕಲ್.”

“ಅದನ್ನೇ ನಾನೂ ಉಳಿಸಿದ್ದೀನಲ್ಲ! ಕೇಳು: ‘ಮೊದಲು ತಾಳಿಕೆ ಬರುತ್ತದೆ, ಸಹನಶಕ್ತಿ ಇದ್ದಲ್ಲಿ ತಡೆಬಲ ಬೇಗ ಬೆಳೆಯುತ್ತದೆ.’ ಎಂಥ ಓಟ!”

“ತಾಳಿಕೆ, ಸಹನಶಕ್ತಿ ಎರಡೂ ಸಹಿಷ್ಣುತೆಯೇ, ತಡೆಬಲ ಅಂದರೆ ಪ್ರತಿರೋಧವೇ ಅಂತ ಓದೋರಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಡ್ರಾಯಿಂಗಿನಲ್ಲಿ ಒಂದೇ ಕಂಬಕ್ಕೆ ಮೂರು ಹೆಸರು ಕೊಡ್ತೀರಾ?”

“ಅದು ಡ್ರಾಯಿಂಗ್ ಕಣಮ್ಮ. ಇದು ಸಾಹಿತ್ಯ.” ಅಂಕಲ್ ಫೋನ್ ತೆಗೆದು ಕರೆ ಮಾಡಿದರು. “ನನ್ನನ್ನ ನಂಬಬೇಡ, ವಿದ್ಯಾರ್ಥಿನೀನೇ ಕೇಳು. ತಿದ್ದಿದ ಮೊದಲೆರಡು ಪುಟ ಹೋದ ವಾರ ಒಬ್ಬಳಿಗೆ ಕಳಿಸಿದ್ದೆ.”

ರಾಣೆಬೆನ್ನೂರಿನ ಸೌಜನ್ಯಾ, ಬಿ.ಎಸ್ಸಿ. ಎರಡನೇ ವರ್ಷ, ಫೋನಿನೊಳಗಿಂದ ಉತ್ಸಾಹದಲ್ಲಿ ಮಾತಾಡಿದಳು: “ಸರ್, ಭಾಳ ಚಲೋ ಬರದೀರಿ. ಬ್ಯಾಕ್ಟೀರಿಯಾ ಔಷಧಕ್ಕ ಐದು ಥರ ಎದುರು ನಿಲ್ತಾವ ಅಂತ ಈಗ ತಿಳೀತು. ಐದಕ್ಕೂ ಬ್ಯಾರೆ ಬ್ಯಾರೆ ಬಣ್ಣದ ಚಾರ್ಟ್ ಮಾಡೀನ್ರಿ. ಸೋಮವಾರ ಸೆಮಿನಾರ್ ಐತಿ, ಐದರ ಇಂಗ್ಲಿಷ್ ಹೆಸರೂ ಕಳಸ್ತೀರೇನ್ರಿ?”

ಅಂಕಲ್ ಮುಖ ಅರಳಿತು. “ನೋಡು! ಮೂಲ ಲೇಖಕರಿಗೆ ಎರಡೇ ಕಂಡಿತ್ತು.”

ಗಾರ್ಗಿ ಅವರ ಕೈಯಿಂದ ಫೋನ್ ತೆಗೆದುಕೊಂಡಳು. “ಸೌಜನ್ಯಾ, ಇರೋದು ಎರಡೇ. ಚಾರ್ಟ್ ಹರಿದುಬಿಡು, ನಾನು ಬೇರೆ ಕಳಿಸ್ತೀನಿ.”

“ಪಾಪ, ಬಣ್ಣ ಬಳಿದಿದ್ದಳು,” ಎಂದರು ಅಂಕಲ್, ನಿಜವಾಗಿಯೂ ನೊಂದು. ಸ್ವಲ್ಪ ಹೊತ್ತು ಚಟ್ನಿ ಕಲಕಿದರು. “ಸರಿ, ಜಗಳ ಬೇಡ. ಕೊನೇ ಪುಟದಲ್ಲಿ ಯಾವ ಪದ ಯಾವುದಕ್ಕೆ ಸಮ ಅಂತ ಹಾಕಿಸೋಣ. ಒಳಗೆ ನನ್ನ ಭಾಷೆ ಇರಲಿ. ಮುಖಪುಟದ ಮೇಲೆ ನಿನ್ನೊಬ್ಬಳದೇ ಹೆಸರು, ದಪ್ಪ ಅಕ್ಷರದಲ್ಲಿ. ನನ್ನ ಹೆಸರು ಎಲ್ಲೂ ಬೇಡ. ಯುಗಾದಿಗೆ ವೇದಿಕೆ ಮೇಲೆ ಶಾಲು. ಆಯ್ತಾ?”

ಹಸಿರು ಪೆನ್ನನ್ನು ಅವಳ ಕಡೆ ಚಾಚಿದರು, ಒಪ್ಪಿಗೆಯ ಸಹಿಗೆ.

“ಬೇಡ,” ಎಂದಳು ಗಾರ್ಗಿ.