ಬೇವು ಹಚ್ಚಬ್ಯಾಡ ಕಾಕು

ಬೈಲಹೊಂಗಲದ ಹತ್ತಿಬೀಜ ಬಿಡಿಸುವ ಜಿನ್ನಿನಲ್ಲಿ ನಾವು ಒಂಬತ್ತು ಹೆಂಗಸರಿಗೆ ನಮ್ಮದೇ ಒಂದು ಮಾತಿತ್ತು. ಕಳ್ಳನಿಗೆ ಪ್ರಾಸ ಬೆಣ್ಣಿಹಳ್ಳ. ಹಳ್ಳ ನುಂಗಿಬಿಟ್ಟರೆ ಬೆಣ್ಣಿ. ಸುಳ್ಳಿಗೆ ಜಾಲಿಮುಳ್ಳು, ಮುಳ್ಳು ಬಿಟ್ಟು ಜಾಲಿ. ಸಹಿಗೆ ಬೇವಿನ ಕಹಿ, ಅದಕ್ಕೆ ಬರೀ ಬೇವು. ಇಂಥ ಪದಗಳನ್ನಷ್ಟೇ ಮುಚ್ಚಬೇಕು, ಉಳಿದ ಮಾತು ಎಂದಿನಂತೆ ಹೋಗಬೇಕು. ನಗಬಾರದು. ನಕ್ಕರೆ ಗುಟ್ಟು ಹೋಯಿತು.

ತೊಂಬತ್ತಾರರ ಫೆಬ್ರುವರಿಯಲ್ಲಿ ಪದ್ಮವ್ವ ಕಾಕುವಿನ ಎಡಗೈ ರೋಲರಿಗೆ ಸಿಕ್ಕು ಎರಡು ಬೆರಳು ಹೋದವು. ವಾರ ಕಳೆದು, ಪರಿಹಾರ ಕೇಳಲು ಅವಳು ಬಂದಾಗ ಗುಮಾಸ್ತ ಬಸವಣ್ಣೆಪ್ಪ ಒಂದು ಕಾಗದ ಮುಂದಿಟ್ಟ. ಮನೆಯಲ್ಲಿ ಕಟ್ಟಿಗೆ ಒಡೆಯುವಾಗ ಗಾಯವಾಯಿತು ಎಂದು ಬರೆದಿತ್ತು. ಸಹಿ ಬಿದ್ದರೆ ಪರಿಹಾರದ ಮಾತೇ ಇಲ್ಲ.

ಕಾಕುಗೆ ಓದಲು ಬಾರದು. ಆದರೆ ಸಾಕ್ಷರತಾ ವರ್ಗದಲ್ಲಿ ಸಹಿ ಕಲಿತಿದ್ದಳು, ಪೆನ್ನು ಕಂಡರೆ ಕೈ ತಡೆಯುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವವಳಾಗಿದ್ದರೆ ಹತ್ತು ಸಲ ಕೇಳುತ್ತಿದ್ದಳೇನೋ. ನಮ್ಮಲ್ಲಿ ಓದು ಬರುವವಳು ನಾನೊಬ್ಬಳೇ ಎಂದು ಬಸವಣ್ಣೆಪ್ಪ ನನ್ನನ್ನು ಕರೆದ.

"ಅನ್ನಪೂರ್ಣಾ, ಓದೀನಿ, ಎಲ್ಲಾ ಬರೋಬ್ಬರಿ ಐತಿ ಅಂತ ಹೇಳು ಆಕಿಗೆ."

ಓದಿದೆ. ಮುಖ ಸಪ್ಪಗಿಟ್ಟುಕೊಂಡೆ.

"ಎಲ್ಲಾ ಬರೋಬ್ಬರಿ ಐತಿ ಕಾಕು. ಗಾಯ ಇನ್ನೂ ಹಸಿ ಐತಿ, ಬೇವು ಹಚ್ಚಬ್ಯಾಡ. ಹಾದಿ ತುಂಬ ಜಾಲಿ ಐತಿ, ನೋಡಿ ಕಾಲಿಡು."

ಪೆನ್ನಿಗೆ ಚಾಚಿದ್ದ ಕಾಕುವಿನ ಕೈ ನಿಂತಿತು.

ಬಸವಣ್ಣೆಪ್ಪ ಮುಗುಳ್ನಕ್ಕ. "ಜಾಲಿ ಅಂದ್ರ ಸುಳ್ಳು, ಬೇವು ಅಂದ್ರ ಸಹಿ. ಹತ್ತು ವರ್ಷ ನಿಮ್ಮ ನಡುವ ಕುಂತೇನಿ, ನನಗ ಕಿವಿ ಇಲ್ಲೇನು? ನನಗ ಬೆಣ್ಣಿ ಅನ್ನೂದನ್ನೂ ಕೇಳೇನಿ. ಇನ್ನೊಮ್ಮಿ ಬಾಯಿ ತೆಗೆದಾಕಿಗೆ ನಾಳೆಯಿಂದ ಇಲ್ಲಿ ಕೆಲಸಿಲ್ಲ."

ಹತ್ತಿ ರಾಶಿಯ ಹತ್ತಿರ ಎಲ್ಲರ ಕೈಗಳು ನಿಂತವು. ನನಗೆ ಹೆದರಿಕೆಯಾಯಿತು. ಹಾಸಿಗೆ ಹಿಡಿದ ಗಂಡನ ಆರೈಕೆ, ಮನೆ ಬಾಡಿಗೆ, ಎಲ್ಲ ಈ ಕೆಲಸದ ಮೇಲೇ ಇತ್ತು. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಗುಟ್ಟೇ ಹೋದ ಮೇಲೆ ಮುಚ್ಚಿಡುವುದೇನು?

"ಸಹಿ ಹಾಕಬ್ಯಾಡ ಕಾಕು," ಎಂದೆ, ಕೊನೆಯವಳಿಗೂ ಕೇಳುವ ಹಾಗೆ. "ಕಟ್ಟಿಗಿ ಒಡಿಯುವಾಗ ಬೆರಳು ಹೋತು ಅಂತ ಬರದಾರ. ಇದು ಸುಳ್ಳು. ಬರಸಿದಾವ ಕಳ್ಳ."

ಕಾಗದವನ್ನು ಮಗುಚಿ ಹಿಂಬದಿಯಲ್ಲಿ ಬರೆದೆ: ಈ ಜಿನ್ನಿನ ರೋಲರಿನಲ್ಲಿ ನನ್ನ ಎರಡು ಬೆರಳು ಹೋದವು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದೆ. ಅದನ್ನು ಕಸಿಯಲು ಬಸವಣ್ಣೆಪ್ಪ ಕೈ ಚಾಚುವಷ್ಟರಲ್ಲಿ ಉಳಿದ ಏಳು ಜನ ಎದ್ದು ಬಂದು ಮೇಜಿನ ಸುತ್ತ ನಿಂತರು.

ಪದ್ಮವ್ವ ಕಾಕು ಪೆನ್ನು ಹಿಡಿದಳು. ಒಂದೊಂದೇ ಅಕ್ಷರ, ಒತ್ತಿ ಒತ್ತಿ. ಬಸವಣ್ಣೆಪ್ಪ ಅವಳ ಸಹಿ ಮುಗಿಯುವ ತನಕ ನಿಂತೇ ಇರಬೇಕಾಯಿತು.